ಮೊಬೈಲ್ ಕಸಿದುಕೊಳ್ಳುವ ಮುನ್ನ ಒಂದು ಪುಟದ ಪ್ರಶ್ನೆಗಳು

"ದಿನಕ್ಕೆ ಎಷ್ಟು ಗಂಟೆ ಗೇಮ್ ಆಡಿದ್ರೆ ಅದು ಚಟ ಅಂತ ಲೆಕ್ಕ, ಡಾಕ್ಟ್ರೇ?" ಹರೆಯದ ಮಕ್ಕಳನ್ನು ಕ್ಲಿನಿಕ್ಕಿಗೆ ಕರೆತರುವ ತಂದೆತಾಯಂದಿರು ಮೊದಲು ಕೇಳುವುದು ಇದನ್ನೇ. ಎರಡು ಗಂಟೆ ಎಂದರೆ ನಿಟ್ಟುಸಿರು, ಐದು ಗಂಟೆ ಎಂದರೆ ಗಾಬರಿ. ಆದರೆ ಅಂಥದೊಂದು ಗಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹಾಕಿಲ್ಲ. ಕಾಯಿಲೆಗಳನ್ನು ವರ್ಗೀಕರಿಸುವ ಅದರ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. 2019ರ ಮೇ ತಿಂಗಳಲ್ಲಿ ಆ ಆವೃತ್ತಿಗೆ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಜಾರಿಗೆ ಬಂತು. ಅದರ ವಿವರಣೆಯಲ್ಲಿ ಇಷ್ಟು ಗಂಟೆ ಎಂಬ ಮಾತೇ ಇಲ್ಲ.

ಇರುವುದು ಮೂರು ಸಂಗತಿ. ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಕೈತಪ್ಪಿದೆಯೇ? ಊಟ, ನಿದ್ದೆ, ಓದು, ಗೆಳೆಯರು ಎಲ್ಲವನ್ನೂ ಹಿಂದೆ ತಳ್ಳಿ ಗೇಮ್ ಮುಂದಕ್ಕೆ ಬಂದು ಕೂತಿದೆಯೇ? ಕಣ್ಣೆದುರೇ ಕೆಡುಕಾಗುತ್ತಿದ್ದರೂ ಆಟ ಮುಂದುವರಿದಿದೆಯೇ, ಇನ್ನೂ ಹೆಚ್ಚಿದೆಯೇ? ಈ ಮೂರೂ ಇರಬೇಕು, ಅದರಿಂದ ಬದುಕಿಗೆ ಎದ್ದು ಕಾಣುವಷ್ಟು ಪೆಟ್ಟು ಬಿದ್ದಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೇ ನಡೆದಿರಬೇಕು. ಲಕ್ಷಣಗಳು ತೀವ್ರವಾಗಿದ್ದರೆ ವೈದ್ಯರು ಅಷ್ಟು ದಿನ ಕಾಯಬೇಕಿಲ್ಲ. ಇಷ್ಟು ಕೂಡಿದರೆ ಮಾತ್ರ ಕಾಯಿಲೆ.

ಹಾಗೆ ನೋಡಿದರೆ ಭಾನುವಾರ ಆರು ಗಂಟೆ ಆಡಿ, ಸೋಮವಾರ ಹೊತ್ತಿಗೆ ಸರಿಯಾಗಿ ಎದ್ದು, ಶಾಲೆಗೆ ಹೋಗಿ, ಸಂಜೆ ಕಬಡ್ಡಿ ಆಡುವ ಹುಡುಗನಿಗೆ ಕಾಯಿಲೆ ಇಲ್ಲ. ದಿನಕ್ಕೆ ಎರಡೇ ಗಂಟೆ ಆಡಿದರೂ ಆ ಎರಡು ಗಂಟೆ ರಾತ್ರಿ ಹನ್ನೆರಡರ ಮೇಲೆ ಬಿದ್ದು, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗಿಯ ವಿಷಯದಲ್ಲಿ ಮಾತಾಡುವುದು ಇದೆ. ಲೆಕ್ಕಕ್ಕೆ ಬರುವುದು ಆಡಿದ ಹೊತ್ತಿಗಿಂತ ಆ ಹೊತ್ತು ಏನನ್ನು ತಿಂದುಹಾಕಿತು ಎಂಬುದು.

ಕಾಯಿಲೆ ಎನ್ನುವಷ್ಟು ಮುಟ್ಟಿರುವವರು ಕಡಿಮೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟವಾದ ವಿಶ್ಲೇಷಣೆಯೊಂದು ಆ ಪ್ರಮಾಣವನ್ನು ಶೇ. 3ರ ಆಸುಪಾಸಿನಲ್ಲಿ ಇಟ್ಟಿತು. ಮಾದರಿಯನ್ನು ಕಟ್ಟುನಿಟ್ಟಾಗಿ ಆರಿಸಿದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡಾಗ ಅದು ಶೇ. 2ಕ್ಕೆ ಇಳಿಯಿತು. ಆದರೆ ಕಾಯಿಲೆಗೂ ಆರಾಮದ ಆಟಕ್ಕೂ ನಡುವೆ ಒಂದು ದೊಡ್ಡ ಗುಂಪಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ‘ಅಪಾಯದ ಹಾದಿಯ ಆಟ’ ಎಂದು ಬೇರೆಯಾಗಿಯೇ ಗುರುತಿಸುತ್ತದೆ. ನಿದ್ದೆ ಕೆಟ್ಟಿದೆ, ಅಂಕ ಇಳಿದಿದೆ, ಮನೆಯಲ್ಲಿ ದಿನಾ ಜಗಳ; ಆದರೆ ಹುಡುಗ ಇನ್ನೂ ಶಾಲೆಗೆ ಹೋಗುತ್ತಾನೆ, ಕೇಳಿದರೆ ಮಾತಾಡುತ್ತಾನೆ. ಬೇಗ ಗುರುತಿಸಿ ಒಂದೆರಡು ಸಲ ಕೂರಿಸಿಕೊಂಡು ಮಾತಾಡುವ ಕ್ರಮ ಇರುವುದು ಮುಖ್ಯವಾಗಿ ಈ ನಡುವಿನ ಗುಂಪಿಗೆ. ಇದು ಮದ್ಯಪಾನದ ಚಿಕಿತ್ಸೆಯಿಂದ ಬಂದ ದಾರಿ. ಬೇರೆ ಕಾಯಿಲೆಗೆಂದು ಆರೋಗ್ಯ ಕೇಂದ್ರಕ್ಕೆ ಬಂದವರನ್ನು ಕುಡಿತದ ಬಗ್ಗೆ ನಾಲ್ಕಾರು ಪ್ರಶ್ನೆ ಕೇಳಿ, ಅಪಾಯದಲ್ಲಿರುವವರ ಜತೆ ಹತ್ತು ಹದಿನೈದು ನಿಮಿಷ ಒಂದು ಕ್ರಮದಲ್ಲಿ ಮಾತಾಡುವುದು ಹಲವು ದೇಶಗಳಲ್ಲಿ ದಶಕಗಳಿಂದ ನಡೆದಿದೆ. ಗೇಮಿಂಗ್ ವಿಷಯದಲ್ಲಿ ಇದರ ಮೇಲಿನ ಸಂಶೋಧನೆ ಇನ್ನೂ ಎಳೆಯದು, ಅದನ್ನು ಮರೆಯಬಾರದು. ಕಾಯಿಲೆಯ ಹಂತ ಮುಟ್ಟಿದವರಿಗೆ ಹಲವು ವಾರ ನಡೆಯುವ ಮನಶ್ಶಾಸ್ತ್ರೀಯ ಚಿಕಿತ್ಸೆಯೇ ಬೇಕು. ಗೇಮಿಂಗ್‌ಗೆಂದೇ ಒಪ್ಪಿಗೆ ಪಡೆದ ಮಾತ್ರೆ ಯಾವುದೂ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್ ಕ್ಲಿನಿಕ್’ ತೆರೆಯಿತು. ಎಲ್ಲರೂ ಅಲ್ಲಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಮೊದಲ ಮಾತುಕತೆಯನ್ನು ಮಕ್ಕಳ ವೈದ್ಯರು, ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರು, ತರಬೇತಿ ಪಡೆದ ಶಾಲಾ ಕೌನ್ಸೆಲರ್ ಮಾಡಬಹುದು. ಅವರ ಕೈಲಿರಬೇಕಾದದ್ದು ಒಂದು ಪುಟದ ನಮೂನೆ. ಅಂಥದೊಂದನ್ನು ಕೆಳಗೆ ಕೊಟ್ಟಿದೆ. ಇದು ಅಂಕ ಹಾಕಿ ಕಾಯಿಲೆ ಹೇಳುವ ಪರೀಕ್ಷೆಯಲ್ಲ, ಮಾತು ದಾರಿ ತಪ್ಪದಂತೆ ನೋಡಿಕೊಳ್ಳುವ ಹಾಳೆ.

ಗೇಮಿಂಗ್: ಕ್ಲಿನಿಕ್ ತಪಾಸಣಾ ನಮೂನೆ

1. ಶುರುವಿಗೆ
ಮಗುವಿನ ಜತೆ ಒಬ್ಬರೇ ಮಾತಾಡಿದ್ದು: ಹೌದು / ಇಲ್ಲ
ಗುಟ್ಟಿನ ಬಗ್ಗೆ ತಿಳಿಸಿದ್ದು (“ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತೆ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಯಾರಾದರೂ ನಿನಗೆ ಹಿಂಸೆ ಕೊಡುತ್ತಿದ್ದರೆ ಮಾತ್ರ ದೊಡ್ಡವರಿಗೆ ಹೇಳಬೇಕಾಗುತ್ತೆ”): ಹೌದು / ಇಲ್ಲ

2. ನಿನ್ನೆ ಮತ್ತು ಹೋದ ಭಾನುವಾರ
ಎದ್ದದ್ದು ____ ಆಟ ಶುರು ____ ಕೊನೆಯ ಪಂದ್ಯ ಮುಗಿದದ್ದು ____ ಮಲಗಿದ್ದು ____ ಒಟ್ಟು ನಿದ್ದೆ ____
ಯಾವ ಗೇಮ್ ____ ಯಾರ ಜತೆ ____ ಒಂದು ಪಂದ್ಯಕ್ಕೆ ಎಷ್ಟು ನಿಮಿಷ ____

3. ಮೂಲದ ಮೂರು ಪ್ರಶ್ನೆ (ಕಳೆದ 12 ತಿಂಗಳಲ್ಲಿ: ಇಲ್ಲ / ಒಮ್ಮೊಮ್ಮೆ / ಹೆಚ್ಚಾಗಿ)
ನಿಲ್ಲಿಸಬೇಕು ಅಂದುಕೊಂಡಾಗ ನಿಲ್ಲಿಸಲು ಆಗದೆ ಹೋಯಿತೇ?
ಮೊದಲು ಇಷ್ಟವಿದ್ದ ಕೆಲಸ, ಗೆಳೆಯರು, ಆಟಗಳನ್ನು ಗೇಮ್‌ಗಾಗಿ ಬಿಟ್ಟೆಯಾ?
ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸಿದೆಯಾ?
ಇದೆಲ್ಲ ಶುರುವಾಗಿ ಎಷ್ಟು ತಿಂಗಳು? ____

4. ಏನು ಕೆಟ್ಟಿದೆ (ಪ್ರತಿಯೊಂದಕ್ಕೂ ಒಂದು ಉದಾಹರಣೆ ಬರೆಯಿರಿ)
ನಿದ್ದೆ / ಶಾಲೆ ಮತ್ತು ಅಂಕ / ಊಟ, ಮೈ, ಕಣ್ಣು / ಮನೆಯವರ ಜತೆ ಸಂಬಂಧ / ಹಣ

5. ಗೇಮ್ ಏನು ಕೊಡುತ್ತದೆ
ಆಡುವಾಗ ಸಿಗುವುದೇನು? ಹೊರಗೆ ಸಿಗದೆ ಇರುವುದೇನು? ಗೇಮ್ ಜಾಸ್ತಿಯಾದದ್ದು ಯಾವಾಗ, ಆಗ ಬದುಕಿನಲ್ಲಿ ಏನು ನಡೆದಿತ್ತು?

6. ಮನಸ್ಸು ಮತ್ತು ಸುರಕ್ಷತೆ
ಎರಡು ವಾರದಿಂದ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು: ____
ಚಿಕ್ಕ ವಯಸ್ಸಿನಿಂದಲೇ ಕೂತಲ್ಲಿ ಕೂರದಿರುವುದು, ಗಮನ ನಿಲ್ಲದಿರುವುದು: ____
ಶಾಲೆಯಲ್ಲಿ, ಆನ್‌ಲೈನ್‌ನಲ್ಲಿ ಯಾರಾದರೂ ಪೀಡಿಸುತ್ತಿರುವುದು: ____
ಸಾಯಬೇಕು ಅನ್ನಿಸಿದ್ದು, ಮೈಗೆ ಗಾಯ ಮಾಡಿಕೊಂಡದ್ದು: ____

7. ಅಳತೆಗೋಲು (0ಯಿಂದ 10)
ಬದಲಾಯಿಸುವುದು ನಿನಗೆ ಎಷ್ಟು ಮುಖ್ಯ? ____ ಬದಲಾಯಿಸಬಲ್ಲೆ ಎಂಬ ನಂಬಿಕೆ ಎಷ್ಟು? ____

8. ಒಪ್ಪಂದ
ಮಗು ಆರಿಸಿದ ಬದಲಾವಣೆ ____ ಮನೆಯವರು ಮಾಡುವ ಬದಲಾವಣೆ ____ ಮತ್ತೆ ಬರುವ ದಿನ ____

ತಂದೆತಾಯಿಗೆ ಇದೇ ಎರಡು, ಮೂರು, ನಾಲ್ಕನೆಯ ಭಾಗಗಳಿರುವ ಬೇರೆ ಹಾಳೆ ಕೊಟ್ಟು ಹೊರಗಿನ ಬೆಂಚಿನಲ್ಲಿ ಕೂತು ತುಂಬಲು ಹೇಳುವುದು ವಾಡಿಕೆ. ಎರಡು ಹಾಳೆಯ ಉತ್ತರ ಒಂದೇ ಆಗಿರುವುದು ಅಪರೂಪ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಅದರರ್ಥವಲ್ಲ. ಅಮ್ಮ ಕಾಣುವುದು ಮೊಬೈಲ್ ಹಿಡಿದ ಕೈಯನ್ನು. ಆ ಕೈ ವಿಡಿಯೋ ನೋಡುತ್ತಿದೆಯೋ, ಗೆಳೆಯನಿಗೆ ಮೆಸೇಜ್ ಹಾಕುತ್ತಿದೆಯೋ, ಗೇಮ್ ಆಡುತ್ತಿದೆಯೋ ಅವರಿಗೆ ತಿಳಿಯುವುದಿಲ್ಲ. ಎಲ್ಲವೂ ‘ಗೇಮ್’ ಲೆಕ್ಕಕ್ಕೇ ಹೋಗುತ್ತದೆ.

ನಮೂನೆ ಕೆಲಸ ಮಾಡುವ ಬಗೆಯನ್ನು ಒಬ್ಬ ಹುಡುಗನ ಮೂಲಕ ನೋಡೋಣ. ಇವನು ನಿಜವಾದ ಒಬ್ಬನಲ್ಲ. ಕ್ಲಿನಿಕ್ಕುಗಳಿಗೆ ಬರುವ ಹಲವು ಹುಡುಗರ ಸಂಗತಿಗಳನ್ನು ಸೇರಿಸಿ, ಅರ್ಥವಾಗಲೆಂದು ಕಟ್ಟಿದ ಚಿತ್ರ.

ಹದಿನೈದು ವರ್ಷ, ಹತ್ತನೇ ಕ್ಲಾಸು. ತಾಲ್ಲೂಕು ಕೇಂದ್ರದಲ್ಲಿ ಅಪ್ಪನದು ಹಾರ್ಡ್‌ವೇರ್ ಅಂಗಡಿ, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಶೇ. 78ರಿಂದ 51ಕ್ಕೆ ಬಿದ್ದಿದೆ. ಅಪ್ಪನ ಫೋನಿನಿಂದ 3,400 ರೂಪಾಯಿ ಗೇಮಿಗೆ ಹೋಗಿದೆ. ಅದು ಗೊತ್ತಾದ ರಾತ್ರಿ ಅಪ್ಪ ಮೊಬೈಲ್ ಕಸಿದುಕೊಂಡಾಗ ಹುಡುಗ ಕೋಣೆಯ ಬಾಗಿಲಿಗೆ ಗುದ್ದಿ ಕೈ ಊದಿಸಿಕೊಂಡಿದ್ದಾನೆ. ಕೈ ತೋರಿಸಲು ಬಂದವರನ್ನು ವೈದ್ಯೆ ಕೂರಿಸಿಕೊಂಡರು. ಅಮ್ಮ ಹೇಳಿದ್ದು: "ಮೇಡಂ, ಇವ್ನು ಮೊದ್ಲು ಹೀಗಿರ್ಲಿಲ್ಲ. ಮೊಬೈಲೇ ಇವ್ನ ತಲೆ ಕೆಡಿಸ್ಬಿಟ್ಟಿದೆ."

ವೈದ್ಯೆ ತಂದೆತಾಯಿಯನ್ನು ಹಾಳೆ ಕೊಟ್ಟು ಹೊರಗೆ ಕಳಿಸಿ, ಹುಡುಗನಿಗೆ ಗುಟ್ಟಿನ ಮಾತು ಹೇಳಿ, ಮೊದಲು ಕೇಳಿದ್ದು ಗೇಮಿನ ಬಗ್ಗೆ: "ಏನು ಆಡ್ತೀಯ? ನಂಗೆ ಅಷ್ಟಾಗಿ ಗೊತ್ತಿಲ್ಲ, ಹೇಳು." ಅವನು ಆಡುವುದು ಬಿಜಿಎಂಐ. ನಾಲ್ವರ ಸ್ಕ್ವಾಡ್. ಅವನ ರ‍್ಯಾಂಕ್ ಕ್ರೌನ್, ಸೀಸನ್ ಮುಗಿಯುವುದರೊಳಗೆ ಏಸ್ ಮುಟ್ಟಬೇಕು. ದೊಡ್ಡ ಮ್ಯಾಪಿನ ಪಂದ್ಯವೊಂದು ಅರ್ಧ ಗಂಟೆಯವರೆಗೂ ಹೋಗುತ್ತದೆ. ನಡುವೆ ಎದ್ದು ಹೋದರೆ ಉಳಿದ ಮೂವರು ಸಿಕ್ಕಿಬೀಳುತ್ತಾರೆ, ಪಾಯಿಂಟೂ ಹೋಗುತ್ತದೆ. ಹುಡುಗನ ಮುಖ ಅರಳಿದ್ದು ಇದನ್ನೆಲ್ಲ ಹೇಳುವಾಗಲೇ.

ಈ ವಿವರ ಹರಟೆಯಲ್ಲ, ಚಿಕಿತ್ಸೆಯ ಅರ್ಧ ಕೆಲಸ ಇಲ್ಲೇ ಇದೆ. "ಒಂಬತ್ತಕ್ಕೆ ಆಫ್ ಮಾಡು" ಎಂಬ ಮನೆಯ ನಿಯಮ ಯಾಕೆ ದಿನವೂ ಮುರಿಯುತ್ತದೆ ಎಂಬುದು ಈಗ ಗೊತ್ತಾಗುತ್ತದೆ. ಒಂಬತ್ತು ಗಂಟೆಗೆ ಪಂದ್ಯ ಅರ್ಧದಲ್ಲಿರುತ್ತದೆ. ಅಪ್ಪನಿಗೆ ಅದು ಹಟ, ಹುಡುಗನಿಗೆ ಮೂರು ಜನ ಗೆಳೆಯರಿಗೆ ಮಾಡುವ ಮೋಸ. ಪಂದ್ಯ ಎಷ್ಟು ನಿಮಿಷದ್ದು ಎಂಬ ಪ್ರಶ್ನೆಯನ್ನು ನಮೂನೆಯಲ್ಲಿ ಬಿಡಬಾರದು ಎನ್ನುವುದು ಇದಕ್ಕೇ.

ಎರಡನೆಯ ಭಾಗದಲ್ಲಿ ‘ದಿನಕ್ಕೆ ಎಷ್ಟು ಗಂಟೆ’ ಎಂದು ಕೇಳದೆ ನಿನ್ನೆಯ ದಿನವನ್ನೇ ಬಿಡಿಸಿ ಕೇಳುವುದಕ್ಕೂ ಕಾರಣವಿದೆ. ಸರಾಸರಿ ಕೇಳಿದರೆ ಮಕ್ಕಳು ಅಂದಾಜು ಹೊಡೆಯುತ್ತಾರೆ, ದೊಡ್ಡವರಿಗೆ ಹಿಡಿಸುವ ಸಂಖ್ಯೆ ಹೇಳುತ್ತಾರೆ. ನಿನ್ನೆ ಎಂದರೆ ನೆನಪು ಮಾಡಿಕೊಳ್ಳಲೇಬೇಕು. ಈ ಹುಡುಗ ಹಿಂದಿನ ರಾತ್ರಿ ಹತ್ತಕ್ಕೆ ಶುರು ಮಾಡಿ ಒಂದೂ ಕಾಲಿಗೆ ಮುಗಿಸಿ, ಒಂದೂವರೆಗೆ ಮಲಗಿ, ಏಳಕ್ಕೆ ಎದ್ದಿದ್ದ. ಐದೂವರೆ ಗಂಟೆ ನಿದ್ದೆ. ಈ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆ. ಭಾನುವಾರ ಒಟ್ಟು ಒಂಬತ್ತು ಗಂಟೆ ಆಟ.

ಮೂರು ಮೂಲ ಪ್ರಶ್ನೆಗಳಿಗೆ ಬಂದಾಗ ಹುಡುಗ ಎರಡು ಸಲ ತಾನಾಗಿಯೇ ಆ್ಯಪ್ ಅಳಿಸಿಹಾಕಿದ್ದನ್ನು ಹೇಳಿದ. ಎರಡೇ ದಿನಕ್ಕೆ ಮತ್ತೆ ಹಾಕಿಕೊಂಡಿದ್ದ. ಇದು ಮನೆಯವರಿಗೆ ಗೊತ್ತೇ ಇರಲಿಲ್ಲ. ಕಬಡ್ಡಿ ಬಿಟ್ಟು ಐದು ತಿಂಗಳಾಗಿದೆ. ಅಂಕ ಬಿದ್ದ ಮೇಲೂ ಆಟ ಇಳಿಯಲಿಲ್ಲ, ಬದಲಿಗೆ ಏರಿತು. ಶುರುವಾಗಿ ಏಳು ತಿಂಗಳು. ಹಣದ ವಿಷಯ ಕೇಳಿದಾಗ ತಲೆ ತಗ್ಗಿಸಿ, "ಯುಸಿ ತಗೊಂಡೆ ಮೇಡಂ, ಅಪ್ಪನ ಪಿನ್ ಗೊತ್ತಿತ್ತು" ಅಂದ. ಯುಸಿ ಎಂದರೆ ಗೇಮಿನೊಳಗಿನ ದುಡ್ಡು, ಅದರಿಂದ ಉಡುಪು, ಬಂದೂಕಿನ ಬಣ್ಣ ಕೊಳ್ಳುತ್ತಾರೆ. ಇಲ್ಲಿ ಇನ್ನೊಂದು ಪ್ರಶ್ನೆ ತಪ್ಪದೆ ಕೇಳಬೇಕು: ಗೆದ್ದರೆ ಹಣ ಬರುತ್ತದೆಂದು ಹಣ ಕಟ್ಟಿ ಆಡಿದ್ದಿದೆಯೇ? 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದೆ. ಹಾಗಿದ್ದೂ ಹುಡುಗ ಅಂಥದರಲ್ಲಿ ಸಿಕ್ಕಿಕೊಂಡಿದ್ದರೆ ಅದು ಜೂಜಿನ ಸಮಸ್ಯೆ, ಅದರ ದಾರಿ ಬೇರೆ. ಈ ಹುಡುಗನದು ಹಾಗಿರಲಿಲ್ಲ.

ಐದನೆಯ ಭಾಗವನ್ನು ಅವಸರದಲ್ಲಿರುವ ವೈದ್ಯರು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಹಾಳೆಯ ಜೀವ ಅಲ್ಲೇ ಇದೆ. "ಗೇಮ್ ಆಡ್ವಾಗ ಏನು ಸಿಗುತ್ತೆ ನಿಂಗೆ?" ಎಂದು ಕೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಲ್ಲಿ ನಾನೇ ಲೀಡರ್ ಮೇಡಂ. ನಾನು ಹೇಳ್ದಂಗೆ ಎಲ್ರೂ ಕೇಳ್ತಾರೆ. ಸ್ಕೂಲಲ್ಲಿ ನಂಗೆ ಏನೂ ಅರ್ಥ ಆಗಲ್ಲ." ಎಂಟನೆಯ ತರಗತಿಯವರೆಗೂ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೊದಲ ಸಾಲಿನ ಹುಡುಗನಾಗಿದ್ದವನನ್ನು ಒಂಬತ್ತಕ್ಕೆ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದರು. ಒಂದು ವರ್ಷ ಹೇಗೋ ಉರುಹೊಡೆದು ದಾಟಿದ. ಹತ್ತರ ಗಣಿತ, ವಿಜ್ಞಾನ ತಲೆಗೆ ಹೋಗಲಿಲ್ಲ. ಕೇಳಲು ನಾಚಿಕೆ. ಗೇಮ್ ಏರಿದ್ದು ಆ ತಿಂಗಳುಗಳಲ್ಲಿ. ಅಂಕ ಬಿದ್ದದ್ದು ಗೇಮಿನಿಂದ ಎಂದು ಅಮ್ಮ ನಂಬಿದ್ದಾರೆ, ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ, ಪಾಠ ಕೈಬಿಟ್ಟದ್ದರಿಂದ ಹುಡುಗ ಗೇಮಿಗೆ ಹೋದ ಎಂಬುದು. ಮೊಬೈಲನ್ನು ಮಾತ್ರ ಕಸಿದುಕೊಂಡರೆ ಅವನು ಲೀಡರ್ ಆಗಿದ್ದ ಒಂದೇ ಜಾಗವೂ ಹೋಗುತ್ತದೆ, ಗಣಿತ ಹಾಗೇ ಇರುತ್ತದೆ.

ಆರನೆಯ ಭಾಗದ ಕೊನೆಯ ಸಾಲನ್ನು ಕೇಳಲು ಹಲವರು ಹಿಂಜರಿಯುತ್ತಾರೆ. ಸಾವಿನ ಮಾತೆತ್ತಿದರೆ ಮಗುವಿನ ತಲೆಗೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ. ನೇರವಾಗಿ, ಮೆಲ್ಲಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ವಿಶೇಷವಾಗಿ ಮೊಬೈಲ್ ಕಸಿದುಕೊಂಡ ಮರುದಿನಗಳಲ್ಲಿ ಇದನ್ನು ಕೇಳದೆ ಬಿಡಬಾರದು. ಹುಡುಗ, "ಸಿಟ್ಟು ಬರುತ್ತೆ, ಸಾಯ್ಬೇಕು ಅಂತೆಲ್ಲ ಅನ್ಸಿಲ್ಲ" ಅಂದ. ಅನ್ನಿಸಿದೆ ಎಂದಿದ್ದರೆ ಗೇಮಿನ ಮಾತು ಅಲ್ಲಿಗೇ ನಿಲ್ಲಬೇಕಿತ್ತು, ಅದೇ ದಿನ ಮನೋವೈದ್ಯರ ಬಳಿಗೆ ಕಳಿಸಬೇಕಿತ್ತು. ಗಮನ ನಿಲ್ಲದ ತೊಂದರೆಯನ್ನೂ ಇಲ್ಲೇ ಹುಡುಕುವುದು. ಹನ್ನೆರಡು ವರ್ಷಕ್ಕೆ ಮೊದಲೇ, ಅಂದರೆ ಗೇಮ್ ಕೈಗೆ ಬರುವ ಮುಂಚೆಯೇ ಕೂತಲ್ಲಿ ಕೂರದ, ಹೇಳಿದ್ದು ಮರೆಯುವ ಮಗುವಾಗಿತ್ತೇ ಎಂದು ಅಮ್ಮನನ್ನು ಕೇಳಬೇಕು. ಹೌದೆಂದರೆ ಎಡಿಎಚ್‌ಡಿ ಇದೆಯೇ ಎಂದು ತಜ್ಞರು ನೋಡಬೇಕು. ಅದಕ್ಕೆ ಚಿಕಿತ್ಸೆ ಆಗದೆ ಗೇಮ್ ಇಳಿಸುವುದು ಕಷ್ಟ.

ಇದರ ಜತೆಗೆ ವೈದ್ಯೆ ಒಂಬತ್ತು ಪ್ರಶ್ನೆಗಳ ಒಂದು ಮಾಪಕವನ್ನೂ ಕೊಟ್ಟರು. ಹ್ಯಾಲಿ ಪಾಂಟೆಸ್ ಮತ್ತು ಮಾರ್ಕ್ ಗ್ರಿಫಿತ್ಸ್ 2015ರಲ್ಲಿ ಪ್ರಕಟಿಸಿದ ಇದು ಐಜಿಡಿಎಸ್9 ಎಂದು ಪರಿಚಿತ. ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 9ರಿಂದ 45. ಹುಡುಗನಿಗೆ ಬಂದದ್ದು 31. ಹೆಚ್ಚೆಂದೇ ಹೇಳಬೇಕು, ಆದರೆ ‘31 ಬಂದರೆ ಕಾಯಿಲೆ’ ಎನ್ನುವಂತಿಲ್ಲ. ಗಡಿ ಎಲ್ಲಿ ಎಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಒಂದೇ ಮಗುವಿನ ಇಂದಿನ ಸಂಖ್ಯೆಯನ್ನು ಎರಡು ತಿಂಗಳ ಮೇಲಿನ ಸಂಖ್ಯೆಯ ಜತೆ ಹೋಲಿಸಲು ಈ ಮಾಪಕ ಚೆನ್ನಾಗಿ ಒದಗುತ್ತದೆ.

ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಇಂಥ ಮಾಪಕ ಹಂಚಿ, ಅಂಕ ಹೆಚ್ಚು ಬಂದವರ ಪಟ್ಟಿ ಮಾಡುವ ಉತ್ಸಾಹ ಕೆಲವರಿಗಿದೆ. ಅದು ಬೇಡ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಸಾವಿರ ಮಕ್ಕಳಲ್ಲಿ 30 ಮಂದಿಗೆ ನಿಜವಾಗಿ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಮಾಪಕ ಕಾಯಿಲೆ ಇರುವವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 90 ಜನರನ್ನು ಸರಿಯಾಗಿ ಬಿಡುತ್ತದೆ ಎಂದೂ ಇಟ್ಟುಕೊಳ್ಳಿ. ಒಳ್ಳೆಯ ಮಾಪಕವೇ. ಆದರೂ 30ರಲ್ಲಿ 27 ಮಂದಿ ಸಿಗುವಾಗ ಉಳಿದ 970 ಮಕ್ಕಳಲ್ಲಿ 97 ಮಂದಿ ಸುಮ್ಮನೆ ಸಿಕ್ಕಿಬೀಳುತ್ತಾರೆ. ಪಟ್ಟಿಯಲ್ಲಿ ಒಟ್ಟು 124 ಹೆಸರು, ಅದರಲ್ಲಿ ಐವರಲ್ಲಿ ಸುಮಾರು ನಾಲ್ವರಿಗೆ ಕಾಯಿಲೆಯೇ ಇಲ್ಲ. ಆ ಪಟ್ಟಿ ಸ್ಟಾಫ್ ರೂಮಿನ ಗೋಡೆ ದಾಟಿದರೆ ಆ ಮಕ್ಕಳ ಗತಿಯೇನು? ಮಾಪಕ ಹೇಳುವುದು ‘ಇವರ ಜತೆ ಕೂತು ಮಾತಾಡಿ’ ಎಂದಷ್ಟೇ.

ಹುಡುಗನ ಹಾಳೆ ನೋಡಿ ವೈದ್ಯೆ ಬರೆದದ್ದು ಹೀಗೆ: ಮೂರೂ ಲಕ್ಷಣ ಇವೆ, ಆದರೆ ಶಾಲೆ ಬಿಟ್ಟಿಲ್ಲ, ಏಳೇ ತಿಂಗಳು, ತಾನೇ ನಿಲ್ಲಿಸಲು ಯತ್ನಿಸಿದ್ದಾನೆ. ಸದ್ಯಕ್ಕೆ ಅಪಾಯದ ಹಾದಿ. ಕಾಯಿಲೆ ಎಂದು ಹೆಸರಿಡುವುದು ಬೇಡ. ಇವತ್ತೇ ಮಾತು, ಎರಡು ವಾರಕ್ಕೆ ಮತ್ತೆ ನೋಡುವುದು.

ಆ ಮಾತು ಹದಿನೈದು ನಿಮಿಷದ್ದು. ಅದರಲ್ಲಿ ಉಪದೇಶಕ್ಕೆ ಜಾಗವಿಲ್ಲ. ಮೊದಲು ಅವನ ಹಾಳೆಯನ್ನೇ ಅವನಿಗೆ ತಿರುಗಿಸಿ ತೋರಿಸುವುದು: "ನೋಡು, ಇದು ನೀನೇ ಹೇಳಿದ್ದು. ಐದೂವರೆ ಗಂಟೆ ನಿದ್ದೆ, ಕಬಡ್ಡಿ ಬಿಟ್ಟಿದ್ದು, ಎರಡು ಸಲ ಆ್ಯಪ್ ತೆಗೆದಿದ್ದು. ಇದನ್ನ ನೋಡಿದ್ರೆ ನಿಂಗೆ ಏನನ್ಸುತ್ತೆ?" ಹುಡುಗನ ಉತ್ತರ ಬಂದ ಮೇಲೆ ಅಳತೆಗೋಲು. ಬದಲಾಯಿಸುವುದು ಎಷ್ಟು ಮುಖ್ಯ? 6. ಬದಲಾಯಿಸಬಲ್ಲೆ ಎಂಬ ನಂಬಿಕೆ? 3.

ಈಗ ಕೇಳುವ ಪ್ರಶ್ನೆಯನ್ನು ಗಮನಿಸಿ. "ಮೂರೇನಾ, ಹತ್ತು ಯಾಕಿಲ್ಲ?" ಎಂದು ಕೇಳಿದರೆ ಹುಡುಗ ತನ್ನಿಂದ ಯಾಕೆ ಆಗುವುದಿಲ್ಲ ಎಂಬುದಕ್ಕೆ ಕಾರಣ ಹುಡುಕುತ್ತಾನೆ. ವೈದ್ಯೆ ಕೇಳಿದ್ದು, "ಮೂರು ಅಂದ್ಯಲ್ಲ, ಸೊನ್ನೆ ಯಾಕೆ ಅನ್ನಲಿಲ್ಲ?" ಆಗ ಅವನೇ ಹೇಳಿದ: "ಹೋದ ತಿಂಗ್ಳು ಅಜ್ಜಿ ಮನೆಗೆ ಹೋದಾಗ ನಾಲ್ಕು ದಿನ ಆಡಿರ್ಲಿಲ್ಲ. ಅಲ್ಲಿ ಮಾವನ ಮಕ್ಳು ಇದ್ರು." ಆಗುತ್ತದೆ ಎಂಬ ಮಾತು ಅವನ ಬಾಯಿಂದಲೇ ಬಂತು. ಅಮೆರಿಕದ ವಿಲಿಯಂ ಮಿಲ್ಲರ್ ಮತ್ತು ಬ್ರಿಟನ್ನಿನ ಸ್ಟೀಫನ್ ರೋಲ್‌ನಿಕ್ ಕುಡಿತದ ಚಿಕಿತ್ಸೆಯ ಅನುಭವದಿಂದ ಬೆಳೆಸಿದ ಮಾತುಕತೆಯ ಕ್ರಮದ ತಿರುಳು ಇದೇ: ಬದಲಾಗಬೇಕಾದ ಕಾರಣವನ್ನು ವೈದ್ಯರು ಹೇಳಬಾರದು, ಎದುರು ಕೂತವರಿಂದಲೇ ಹೊರಡಿಸಬೇಕು.

ಕೊನೆಗೆ ಆಯ್ಕೆಗಳು. ವೈದ್ಯೆ ನಾಲ್ಕು ಮುಂದಿಟ್ಟರು, ಹುಡುಗ ಎರಡನ್ನು ಆರಿಸಿಕೊಂಡ. ಒಂದು, ಶಾಲೆಯ ದಿನಗಳಲ್ಲಿ ಕೊನೆಯ ಪಂದ್ಯ ಒಂಬತ್ತೂ ಕಾಲರೊಳಗೆ ಶುರುವಾಗಬೇಕು, ಹತ್ತಕ್ಕೆ ಫೋನು ಹಾಲ್‌ನಲ್ಲಿ ಚಾರ್ಜಿಗೆ. ನಿಲ್ಲಿಸುವ ಹೊತ್ತಿನ ಬದಲು ಶುರು ಮಾಡುವ ಹೊತ್ತಿಗೆ ಮಿತಿ ಹಾಕಿದ್ದರಿಂದ ಸ್ಕ್ವಾಡಿಗೆ ಕೈಕೊಡುವ ಪ್ರಸಂಗ ಬರುವುದಿಲ್ಲ. ಈ ವಿಷಯವನ್ನು ಸ್ಕ್ವಾಡಿನವರಿಗೆ ಅವನೇ ಹೇಳಬೇಕು. ಇನ್ನೊಂದು, ವಾರಕ್ಕೆ ಎರಡು ಸಂಜೆ ಕಬಡ್ಡಿ. ಗೇಮನ್ನು ಪೂರ್ತಿ ಬಿಡು ಎಂದು ಯಾರೂ ಹೇಳಲಿಲ್ಲ.

ಆಮೇಲೆ ತಂದೆತಾಯಿಯನ್ನು ಒಳಗೆ ಕರೆದರು. ನಮೂನೆಯಲ್ಲಿ ಮನೆಯವರ ಬದಲಾವಣೆಗೂ ಒಂದು ಸಾಲು ಇರುವುದು ಸುಮ್ಮನೆ ಅಲ್ಲ. ಅಪ್ಪ ಪಿನ್ ಬದಲಾಯಿಸಬೇಕು, ಅದನ್ನು ಶಿಕ್ಷೆಯಂತೆ ಅಲ್ಲದೆ ಹೇಳಿಯೇ ಬದಲಾಯಿಸಬೇಕು. ಹತ್ತರ ನಂತರ ಅಪ್ಪನ ಫೋನೂ ಹಾಲ್‌ನಲ್ಲೇ ಚಾರ್ಜಿಗೆ ಹೋಗಬೇಕು. ಸಿಟ್ಟಿನ ಭರದಲ್ಲಿ ಫೋನು ಕಸಿದುಕೊಳ್ಳಬಾರದು. ನಿಯಮ ಮುರಿದರೆ ಏನಾಗುತ್ತದೆ ಎಂಬುದು ಮೊದಲೇ ಒಪ್ಪಿದ್ದಾಗಿರಬೇಕು, ಮರುದಿನ ಶಾಂತವಾಗಿ ನಡೆಯಬೇಕು. ಹುಡುಗನ ಒಪ್ಪಿಗೆ ಪಡೆದು ಅಮ್ಮನಿಗೆ ಗಣಿತದ ವಿಷಯ ಹೇಳಿದರು. ಅವರು ಅತ್ತರು. ಆಮೇಲೆ ಕನ್ನಡದಲ್ಲೇ ಪಾಠ ಹೇಳಿಕೊಡುವ ಒಬ್ಬ ಮೇಷ್ಟ್ರು ಪರಿಚಯವಿದ್ದಾರೆ ಎಂದರು.

ಎರಡು ವಾರಕ್ಕೆ ಬಂದಾಗ ಮಾತಿನ ಹತ್ತು ಶಾಲಾ ರಾತ್ರಿಗಳಲ್ಲಿ ಆರು ಉಳಿದಿದ್ದವು, ನಾಲ್ಕು ಮುರಿದಿದ್ದವು. ನಾಲ್ಕೂ ಸೀಸನ್ ಮುಗಿಯುವ ವಾರದವು. ಅಪ್ಪ ಇದನ್ನು ಸೋಲು ಎಂದರು. ವೈದ್ಯೆಗೆ ಅದು ಮಾಹಿತಿ: ಮುಂದಿನ ಸೀಸನ್ ಕೊನೆಯ ವಾರಕ್ಕೆ ಬೇರೆ ಒಪ್ಪಂದ ಬೇಕು, ಸಂಜೆ ಮೊದಲೇ ಆಡಿ ಮುಗಿಸುವಂಥದ್ದು. ಎರಡು ತಿಂಗಳ ಮೇಲೆ ನಿದ್ದೆ ಏಳು ಗಂಟೆ ದಾಟಿತ್ತು, ಮಾಪಕದ ಅಂಕ 23ಕ್ಕೆ ಇಳಿದಿತ್ತು, ಕಿರುಪರೀಕ್ಷೆಯ ಗಣಿತದಲ್ಲಿ ಸ್ವಲ್ಪ ಏರಿಕೆ. ಬಿಜಿಎಂಐ ಇನ್ನೂ ಇದೆ, ದಿನಕ್ಕೆ ಒಂದೂವರೆ ಗಂಟೆ. ಇಂಥ ಕಿರು ಚಿಕಿತ್ಸೆ ಫಲಿಸಿದಾಗ ಸಿಗುವುದು ಇಷ್ಟೇ, ಇದು ಕಡಿಮೆಯೇನೂ ಅಲ್ಲ.

ಫಲಿಸದೆ ಇರುವುದೂ ಉಂಟು. ಎರಡು ಮೂರು ಭೇಟಿಯ ನಂತರವೂ ನಿದ್ದೆ ಒಂದಿಷ್ಟೂ ಸುಧಾರಿಸದಿದ್ದರೆ, ಮಗು ಮಾತಿಗೇ ಬರದಿದ್ದರೆ ಅದನ್ನೇ ಎಳೆಯುತ್ತ ಕೂರಬಾರದು. ವಾರಗಟ್ಟಲೆ ಶಾಲೆಗೆ ಹೋಗದಿರುವುದು, ಊಟ ಸ್ನಾನ ಬಿಡುವುದು, ಮನೆಯವರ ಮೇಲೆ ಕೈಮಾಡುವುದು, ಬಿಡದೆ ಕಾಡುವ ಬೇಸರ ಕಂಡರೆ ಮೊದಲ ದಿನವೇ ತಜ್ಞರ ಬಳಿಗೆ ಹೋಗಬೇಕು. ಅಂಥ ಕಡೆ ಗೇಮ್ ಕಾಣುವ ತುದಿ ಮಾತ್ರ, ಬೇರು ಖಿನ್ನತೆಯಲ್ಲೋ ಆತಂಕದಲ್ಲೋ ಇರಬಹುದು.

ಕ್ಲಿನಿಕ್ಕಿಗೆ ಹೋಗುವ ಮುನ್ನ ತಂದೆತಾಯಿ ಮಾಡಬಹುದಾದದ್ದು ಒಂದಿದೆ. ಒಂದು ವಾರ ಮಗು ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಡಿ, ಅದನ್ನು ಮಗುವಿಗೆ ಹೇಳಿಯೇ ಬರೆಯಿರಿ. ಅದು ಯಾವ ಗೇಮ್ ಆಡುತ್ತದೆ, ಯಾರ ಜತೆ, ಒಂದು ಪಂದ್ಯಕ್ಕೆ ಎಷ್ಟು ಹೊತ್ತು ಎಂದು ಕೂತು ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ಗಳಿವೆ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಯಾರ ಹತ್ತಿರ ಹೋಗುವುದೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಹಗಲಿರುಳೂ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಂದೆತಾಯಿಯಷ್ಟೇ ಅಲ್ಲ, ಮಕ್ಕಳೂ ತಾವಾಗಿಯೇ ಕರೆ ಮಾಡಬಹುದು.